ಆ 6 ಪರ್ಸೆಂಟ್ ಯಾವ ಕಣಗಳದ್ದು?

ಎರಡು ವರ್ಷದ ಗಂಡು ಬೆಕ್ಕು. ಮೇಜಿನ ಮೇಲೆ ಬಿಟ್ಟ ಕೂಡಲೇ ನನ್ನ ಸ್ಟೆತಾಸ್ಕೋಪನ್ನು ಮೂಸಿ, ಕಿಟಕಿ ಕಡೆ ಹೊರಟಿತು. ತುಟಿ ಎತ್ತಿ ನೋಡಿದರೆ ಒಸಡು ಮಾತ್ರ ಬಿಳಿಚಿಕೊಂಡಿತ್ತು. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಬರೀ 12 ಪರ್ಸೆಂಟ್. ಆರೋಗ್ಯವಾಗಿರುವ ಬೆಕ್ಕಿಗೆ ಅದು 30ರ ಮೇಲಿರುತ್ತದೆ.

ರಕ್ತ ಒಮ್ಮೆಲೇ 12ಕ್ಕೆ ಇಳಿದಿದ್ದರೆ ಬೆಕ್ಕು ಹೀಗೆ ಓಡಾಡುತ್ತಿರಲಿಲ್ಲ. ನಿಧಾನವಾಗಿ ಇಳಿದರೆ ದೇಹ ಹೇಗೋ ಹೊಂದಿಕೊಳ್ಳುತ್ತದೆ. ಹಾಗಾಗಿ ಇದು ಇವತ್ತು ನಿನ್ನೆಯದಲ್ಲ ಅಂತ ನನಗೆ ಮೊದಲೇ ಅನ್ನಿಸಿತು. ಸಾಕಿದವರೂ ಅದನ್ನೇ ಹೇಳಿದರು: "ಸುಮಾರು ವಾರಗಳಿಂದ ಮಲಗೋದೇ ಜಾಸ್ತಿ ಆಗಿದೆ ಡಾಕ್ಟ್ರೇ."

ಅವರ ಕೈಯಲ್ಲಿ ಬೇರೆ ಕಡೆ ಮಾಡಿಸಿದ ವರದಿ ಇತ್ತು. ರೆಟಿಕ್ಯುಲೋಸೈಟ್ 6 ಪರ್ಸೆಂಟ್. ಇವು ಮೂಳೆ ಮಜ್ಜೆಯಿಂದ ಆಗತಾನೇ ಹೊರಬಂದ ಎಳೆಯ ಕೆಂಪು ಕಣಗಳು. "ಮಜ್ಜೆ ಚೆನ್ನಾಗಿ ಕೆಲಸ ಮಾಡ್ತಿದೆ ಅಂದ್ರು. ಅದು ಒಳ್ಳೇದೇ ಅಲ್ವಾ?" ಅಂತ ಕೇಳಿದರು. ಮಜ್ಜೆ ಕೆಲಸ ಮಾಡುತ್ತಿದೆ ಅಂದರೆ ರಕ್ತ ಎಲ್ಲೋ ಸೋರುತ್ತಿರಬೇಕು, ಇಲ್ಲವೇ ಒಳಗೇ ಒಡೆಯುತ್ತಿರಬೇಕು. ಆ ಲೆಕ್ಕದಲ್ಲೇ ಕೆಂಪು ಕಣಕ್ಕೆ ಅಂಟಿಕೊಳ್ಳುವ ಬ್ಯಾಕ್ಟೀರಿಯಾ ಮೈಕೋಪ್ಲಾಸ್ಮಾ ಇರಬಹುದು ಅಂತ ಡಾಕ್ಸಿಸೈಕ್ಲಿನ್ ಕೊಟ್ಟಿದ್ದರು. ಏನೂ ಪ್ರಯೋಜನ ಆಗಿರಲಿಲ್ಲ.

ಬೆಕ್ಕಿನ ವಿಷಯದಲ್ಲಿ ಆ 6ನ್ನು ಹಾಗೇ ನಂಬುವ ಹಾಗಿಲ್ಲ. ಬೆಕ್ಕಿನಲ್ಲಿ ಎಳೆಯ ಕಣ ಎರಡು ಬಗೆ. ರಕ್ತವನ್ನು ನ್ಯೂ ಮೆಥಿಲೀನ್ ಬ್ಲೂ ಬಣ್ಣದ ಜೊತೆ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಸ್ಲೈಡ್ ಮೇಲೆ ಎಳೆದು ನೋಡಿದರೆ ಎರಡೂ ಕಾಣುತ್ತವೆ. ಒಂದರೊಳಗೆ ನೀಲಿ ಗಂಟುಗಂಟು. ಇದು ಅಗ್ರಿಗೇಟ್. ಇನ್ನೊಂದರೊಳಗೆ ಅಲ್ಲೊಂದು ಇಲ್ಲೊಂದು ಸಣ್ಣ ನೀಲಿ ಚುಕ್ಕಿ ಅಷ್ಟೇ. ಇದು ಪಂಕ್ಟೇಟ್. ಅಗ್ರಿಗೇಟ್ ಸುಮಾರು ಒಂದು ದಿನದೊಳಗೆ ಪಂಕ್ಟೇಟ್ ಆಗಿಬಿಡುತ್ತದೆ. ಪಂಕ್ಟೇಟ್ ಮಾತ್ರ ವಾರಕ್ಕೂ ಜಾಸ್ತಿ ರಕ್ತದಲ್ಲಿ ಸುತ್ತುತ್ತಿರುತ್ತದೆ. ಮಜ್ಜೆ ಈಗ ಏನು ಮಾಡುತ್ತಿದೆ ಅಂತ ಹೇಳುವುದು ಅಗ್ರಿಗೇಟ್ ಮಾತ್ರ. ಚುಕ್ಕಿಯ ಕಣಗಳು ಆರೋಗ್ಯವಾದ ಬೆಕ್ಕಿನಲ್ಲೂ ಅಷ್ಟಿಷ್ಟು ಇದ್ದೇ ಇರುತ್ತವೆ.

ಹೊಸದಾಗಿ ರಕ್ತ ತೆಗೆದು ನಾನೇ ಕೂತು 1,000 ಕೆಂಪು ಕಣ ಎಣಿಸಿದೆ. ಚುಕ್ಕಿಯವು 54, ಗಂಟಿನವು 6. ಒಟ್ಟು 60, ಅದೇ 6 ಪರ್ಸೆಂಟ್. ವರದಿಯ ಸಂಖ್ಯೆ ತಪ್ಪಿರಲಿಲ್ಲ, ಎರಡೂ ಬಗೆಯನ್ನು ಒಟ್ಟಿಗೆ ಕೂಡಿಸಿದ್ದರು. ಅಗ್ರಿಗೇಟ್ ಬರೀ 0.6 ಪರ್ಸೆಂಟ್. ಆ ದಿನ ಕೆಂಪು ಕಣ ಮೈಕ್ರೋಲೀಟರಿಗೆ 20 ಲಕ್ಷ ಇದ್ದವು. ಅದರಲ್ಲಿ 0.6 ಪರ್ಸೆಂಟ್ ಅಂದರೆ 12,000. ಸಾಮಾನ್ಯವಾಗಿ 50,000 ದಾಟಿದರೆ ಮಾತ್ರ ಮಜ್ಜೆ ಸ್ಪಂದಿಸುತ್ತಿದೆ ಅನ್ನುತ್ತೇವೆ. ರಕ್ತ ಹೋಗಿ ಮೂರ್ನಾಲ್ಕು ದಿನದೊಳಗೆ ನೋಡಿದ್ದರೆ 'ಇನ್ನೂ ಶುರುವಾಗಿಲ್ಲ' ಅಂತ ಕಾಯಬಹುದಿತ್ತು. ವಾರಗಳೇ ಕಳೆದ ಮೇಲೆ ಆ ಮಾತಿಗೆ ಜಾಗ ಇಲ್ಲ. ರಕ್ತಹೀನತೆ ಸ್ವಲ್ಪವೇ ಇದ್ದಾಗ ಬರೀ ಪಂಕ್ಟೇಟ್ ಏರುವುದುಂಟು, ಆಗ ಅದಕ್ಕೂ ಬೆಲೆ ಇದೆ. ಆದರೆ 12ಕ್ಕೆ ಇಳಿದಾಗಲೂ ಅಗ್ರಿಗೇಟ್ ಬರುತ್ತಿಲ್ಲ ಅಂದರೆ ತೊಂದರೆ ತಯಾರಿಯಲ್ಲೇ ಇದೆ.

ಮಜ್ಜೆಗೆ ಸೂಜಿ ಹಾಕುವ ಮುಂಚೆ ಸುಲಭದ್ದನ್ನೆಲ್ಲ ನೋಡಿದೆವು. ಕಿಡ್ನಿ ಸರಿ ಇತ್ತು. ಬೆಕ್ಕಿನ ಲ್ಯುಕೀಮಿಯಾ ವೈರಸ್ ಪರೀಕ್ಷೆ ನೆಗೆಟಿವ್. ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಮಾಮೂಲಿ. ಈ ಕೊನೆಯದು ದೊಡ್ಡ ಸುಳಿವು. ಇಡೀ ಮಜ್ಜೆ ಕೆಟ್ಟಿದ್ದರೆ ಅವೂ ಇಳಿಯಬೇಕಿತ್ತು. ಇಲ್ಲಿ ಏಟು ಬಿದ್ದಿದ್ದು ಕೆಂಪು ಕಣದ ಸಾಲಿಗೆ ಮಾತ್ರ.

ಗುಂಪು ಹೊಂದಿಸಿ ರಕ್ತ ಕೊಟ್ಟು, ಆಮೇಲೆ ಅರಿವಳಿಕೆಯಲ್ಲಿ ತೋಳಿನ ಮೂಳೆಯ ಮೇಲ್ತುದಿಯಿಂದ ಮಜ್ಜೆ ತೆಗೆದೆವು. ಕೆಂಪು ಕಣದ ಮೂಲಕಣಗಳೇ ಇಲ್ಲದಿದ್ದರೆ ಅದು ಒಂದು ಕಾಯಿಲೆ. ಈ ಬೆಕ್ಕಿನಲ್ಲಿ ಹಾಗಿರಲಿಲ್ಲ. ಮೊದಲ ಹಂತದ ಕಣಗಳು ಬೇಕಾದಷ್ಟಿದ್ದವು, ಬೆಳೆದವು ಕಾಣೆ. ಒಂದೆರಡು ಕಡೆ ಬೇರೆ ಕಣಗಳನ್ನು ನುಂಗುವ ಮ್ಯಾಕ್ರೋಫೇಜ್ ಕಣದ ಹೊಟ್ಟೆಯೊಳಗೆ ಅರೆಬೆಳೆದ ಕಣ ಸಿಕ್ಕಿಬಿದ್ದಿತ್ತು. ದೇಹದ ರೋಗನಿರೋಧಕ ಶಕ್ತಿಯೇ ಎಳೆಯ ಕಣಗಳನ್ನು ಮಜ್ಜೆಯೊಳಗೇ ನುಂಗುತ್ತಿತ್ತು. ಒಡೆಯುವ ಕಾಯಿಲೆಯೇ ಸರಿ, ಆದರೆ ಒಡೆಯುವುದು ಕಣ ಹೊರಬರುವ ಮುಂಚೆ. ಆದ್ದರಿಂದ ರಕ್ತದಲ್ಲಿ ನೋಡಿದರೆ ಮಜ್ಜೆ ಸುಮ್ನೆ ಕೂತಂತೆ ಕಾಣುತ್ತದೆ. ಎಳೆ ವಯಸ್ಸಿನ ಬೆಕ್ಕುಗಳಲ್ಲೂ ಇದು ಕಾಣಿಸಿಕೊಳ್ಳುತ್ತದೆ.

ರೋಗನಿರೋಧಕ ಶಕ್ತಿಯ ಈ ದಾಳಿಯನ್ನು ತಗ್ಗಿಸಲು ಪ್ರೆಡ್ನಿಸೊಲೋನ್ ಶುರು ಮಾಡಿದೆವು. "ಎರಡು ದಿನದಲ್ಲಿ ಫಲ ಕೇಳಬೇಡಿ, ವಾರಗಳೇ ಹಿಡಿಯಬಹುದು" ಅಂತ ಮೊದಲೇ ಹೇಳಿದ್ದೆ. ನಡುವೆ ಇನ್ನೊಮ್ಮೆ ರಕ್ತ ಕೊಡಬೇಕಾಯಿತು. ಆಮೇಲೊಂದು ದಿನ ಪಿಸಿವಿ ಇನ್ನೂ 16ರಲ್ಲೇ ಇದ್ದಾಗ ಅಗ್ರಿಗೇಟ್ 80,000 ದಾಟಿತ್ತು. ಸಾಕಿದವರಿಗೆ ಆ 16 ನೋಡಿ ಬೇಜಾರು. ನಾನು ಔಷಧಿ ಬದಲಾಯಿಸದೆ ಮುಂದಿನ ವಾರಕ್ಕೆ ಬರಹೇಳಿದೆ. ಆಗ ಪಿಸಿವಿ 22 ಆಗಿತ್ತು.