ಕೆಲಸ ಬಿಡುವಾಗ ಇನ್ಶೂರೆನ್ಸ್ ಕಂಪನಿಗೆ ಬರೆಯುವ ಪತ್ರ

ಕೊಪ್ಪಳ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ವಿಭಾಗದಲ್ಲಿದ್ದೇನೆ. 2024ರ ಸೆಪ್ಟೆಂಬರ್ ಮೊದಲ ವಾರ ಫರ್ನೇಸ್ ವಿಭಾಗದ ಒಬ್ಬ ಫೋರ್‌ಮನ್ ನನ್ನ ಟೇಬಲ್ ಹತ್ತಿರ ಬಂದರು. ರಾಜೀನಾಮೆ ಕೊಟ್ಟಿದ್ದರು. ತಿಂಗಳ 30 ಕೊನೆಯ ದಿನ. ಊರಿಗೆ ಹೋಗಿ ಹೊಲ ನೋಡಿಕೊಳ್ಳುವ ಯೋಚನೆ.

"ಸರ್, ನನ್ನ ಹೆಂಡ್ತಿಗೆ ಶುಗರ್ ಐತ್ರಿ. ಕಂಪನಿ ಇನ್ಶೂರೆನ್ಸ್ ಹೋದ್ರ ಮುಂದೇನ್ರಿ?" ಎಂದು ಕೇಳಿದರು.

ಅದೇ ಇನ್ಶೂರೆನ್ಸ್ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಗಬಹುದು ಎಂದು ಹೇಳಿದೆ. ಇದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಕಾರ್ಖಾನೆಯ ಗುಂಪು ಪಾಲಿಸಿಯಲ್ಲಿ ಕಳೆದ ಕಾಲ ಹೊಸ ಪಾಲಿಸಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಒಂದು ಪತ್ರ ಬರೆದುಕೊಟ್ಟೆ: 'ನಮ್ಮ ಪಾಲಿಸಿಯನ್ನು ಮುಂದುವರಿಸಿ.' ಹೆಲ್ತ್ ಕಾರ್ಡ್ ಮೇಲಿದ್ದ ವಿಳಾಸಕ್ಕೆ ಮೇಲ್ ಹೋಯಿತು.

ಅಲ್ಲೇ ನಾನು ಎರಡು ತಪ್ಪು ಮಾಡಿದ್ದೆ. ಕಾರ್ಡ್ ಮೇಲಿದ್ದದ್ದು ಟಿಪಿಎ, ಅಂದರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕೆಲಸ ಮಾಡುವ ಬೇರೆ ಸಂಸ್ಥೆಯ ವಿಳಾಸ. ಅವರು ಕಾರ್ಡ್ ಕೊಡುತ್ತಾರೆ, ಕ್ಲೇಮ್ ನೋಡುತ್ತಾರೆ. ಪಾಲಿಸಿ ಕೊಡುವ ಅಧಿಕಾರ ಅವರಿಗಿಲ್ಲ. 'ಇದು ನಮಗೆ ಸಂಬಂಧಿಸಿಲ್ಲ' ಎಂಬ ಉತ್ತರ ಬರುವಷ್ಟರಲ್ಲಿ ಒಂದು ವಾರ ಹೋಯಿತು. ಮತ್ತೆ ಇನ್ಶೂರೆನ್ಸ್ ಕಂಪನಿಗೇ ಕಳಿಸಿದಾಗ ಅವರು ಹೊಸ ಗ್ರಾಹಕರಿಗೆ ಕೊಡುವ ಫಾರ್ಮ್ ಕಳಿಸಿದರು. 'ಮುಂದುವರಿಸಿ' ಅನ್ನುವ ಮಾತಿನಲ್ಲಿ ನಮಗೇನು ಬೇಕು ಅನ್ನುವುದೇ ಇರಲಿಲ್ಲ, ಅಲ್ವಾ? ಆ ಫಾರ್ಮ್ ತುಂಬಿದ್ದರೆ ಆ ತಾಯಿಯ ಶುಗರ್‌ಗೆ ಕಾಯುವ ಅವಧಿ, ಅಂದರೆ ಆ ಕಾಯಿಲೆಗೆ ಕ್ಲೇಮ್ ಸಿಗದ ಕಾಲ, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಇಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ ಗುಂಪು ಪಾಲಿಸಿಯಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಕವರ್ ಇತ್ತು. ಆ ಸೌಲಭ್ಯ ನಮ್ಮ ಜೊತೆ ಬರುವುದಿಲ್ಲ. ಬರುವುದು ಕಳೆದ ತಿಂಗಳುಗಳ ಲೆಕ್ಕ ಮಾತ್ರ. ಇವರ ಕುಟುಂಬ ಪಾಲಿಸಿಗೆ ಸೇರಿದ್ದು 2022ರ ಆಗಸ್ಟ್ 1ಕ್ಕೆ. ಬಿಡುವ ದಿನಕ್ಕೆ 26 ತಿಂಗಳು. ಇವರು ಆರಿಸಿಕೊಂಡ ಸ್ವಂತ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳು ಕಾಯಬೇಕು. ಏಪ್ರಿಲ್ 2024ರಿಂದ ನಿಯಮದಲ್ಲಿ ಇದಕ್ಕಿಂತ ಜಾಸ್ತಿ ಇಡುವಂತಿಲ್ಲ. ಅಂದರೆ ಶುಗರ್‌ಗೆ ಉಳಿಯುವುದು 10 ತಿಂಗಳು. ಕಣ್ಣಿನ ಪೊರೆ, ಹರ್ನಿಯಾದಂಥವಕ್ಕೆ ಇರುವ 24 ತಿಂಗಳು ಆಗಲೇ ಮುಗಿದಿತ್ತು.

ಇನ್ನೊಂದು ಮಾತು. ಗುಂಪಿನಲ್ಲಿದ್ದ ಮೊತ್ತ 3 ಲಕ್ಷ, ಇವರು ಕೇಳಿದ್ದು 5 ಲಕ್ಷ. ಹಳೆಯ ಲೆಕ್ಕ ಸಿಗುವುದು 3 ಲಕ್ಷಕ್ಕೆ ಮಾತ್ರ. ಮೇಲಿನ 2 ಲಕ್ಷಕ್ಕೆ ಪೂರ್ತಿ 36 ತಿಂಗಳು. ಇದನ್ನು ಅವರಿಗೆ ಹಾಳೆ ಮೇಲೆ ಬರೆದು ತೋರಿಸಿದೆ. ಇಲ್ಲದಿದ್ದರೆ ನಾಳೆ ಆಸ್ಪತ್ರೆಯಲ್ಲಿ ಜಗಳವಾಗುತ್ತದೆ.

ಎರಡನೇ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದೆವು. ಅದರ ಸಾರ ಹೀಗಿತ್ತು:

'ನಾನು ಸೆಪ್ಟೆಂಬರ್ 30, 2024ಕ್ಕೆ ಕೆಲಸ ಬಿಡುತ್ತಿದ್ದೇನೆ. ನಿಮ್ಮ ಗುಂಪು ಪಾಲಿಸಿಯಿಂದ ನಿಮ್ಮದೇ ಕುಟುಂಬ ಪಾಲಿಸಿಗೆ ಮೈಗ್ರೇಷನ್ ಕೋರುತ್ತೇನೆ. ಇದು ಹೊಸ ಅರ್ಜಿಯಲ್ಲ. ನಾನು ಮತ್ತು ನನ್ನ ಪತ್ನಿ ಆಗಸ್ಟ್ 1, 2022ರಿಂದ ಬಿಡುವಿಲ್ಲದೆ 3 ಲಕ್ಷದ ಕವರ್‌ನಲ್ಲಿದ್ದೇವೆ. ಪತ್ನಿಗೆ 2021ರಿಂದ ಶುಗರ್ ಇದೆ, ಮಾತ್ರೆ ನಡೆಯುತ್ತಿದೆ. ಹೊಸ ಕವರ್ ಅಕ್ಟೋಬರ್ 1ರಿಂದ ಶುರುವಾಗಲಿ. ಕಳೆದ 26 ತಿಂಗಳನ್ನು ಕಾಯುವ ಅವಧಿಯಲ್ಲಿ ಕಳೆದು, ಮೊದಲ ಕವರ್ ದಿನಾಂಕವನ್ನು ಪಾಲಿಸಿ ಪತ್ರದಲ್ಲೇ ನಮೂದಿಸಿ.'

ಗುಂಪು ಪಾಲಿಸಿಯ ನಂಬರು, ನೌಕರರ ನಂಬರು, ಇಬ್ಬರ ಜನ್ಮ ದಿನಾಂಕ ಹಾಕಿದೆವು. ಮೂರೂ ವರ್ಷದ ಕಾರ್ಡ್ ಲಗತ್ತಿಸಿದೆವು. ಕವರ್ ಎಂದಿನಿಂದ ಎಂದಿನವರೆಗೆ ಎಂದು ಕಂಪನಿ ಲೆಟರ್‌ಹೆಡ್‌ನಲ್ಲಿ ನಾನೇ ಒಂದು ಪತ್ರ ಮಾಡಿಸಿದೆ. ಅದನ್ನು ಕೆಲಸದಲ್ಲಿರುವಾಗಲೇ ಮಾಡಿಸಬೇಕು. ಹೊರಗೆ ಹೋದ ಮೇಲೆ ನಮ್ಮಂಥವರ ಸಹಿಗೆ ಜನ ತಿಂಗಳುಗಟ್ಟಲೆ ಅಲೆಯುವುದನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ಶುಗರ್ ವಿಷಯ ಮುಚ್ಚಿಡೋಣವೇ ಎಂದು ಅವರು ಮೆಲ್ಲಗೆ ಕೇಳಿದ್ದರು. ಬೇಡ ಎಂದೆ. ಗುಂಪಿನಿಂದ ಬರುವವರನ್ನು ಕಂಪನಿ ಪರೀಕ್ಷೆ ಮಾಡಿಸಿಯೇ ತೆಗೆದುಕೊಳ್ಳಬಹುದು, ಪ್ರೀಮಿಯಂ ಏರಿಸಬಹುದು, ಬೇಡವೆಂದೂ ಹೇಳಬಹುದು. ಆದರೆ ಮುಚ್ಚಿಟ್ಟದ್ದು ಮುಂದೆ ಗೊತ್ತಾದರೆ ಕ್ಲೇಮ್ ಜೊತೆ ಪಾಲಿಸಿಯೂ ಹೋಗುತ್ತದೆ. ಆ ತಾಯಿಗೆ ರಕ್ತ ಪರೀಕ್ಷೆ ಆಯಿತು. ಪ್ರೀಮಿಯಂ ಸ್ವಲ್ಪ ಏರಿತು. ಅವರು ಒಪ್ಪಿ 28ಕ್ಕೆ ಹಣ ಕಟ್ಟಿದರು.

ಪಾಲಿಸಿ ಬಂದಾಗ ಇಬ್ಬರೂ ಕೂತು ಓದಿದೆವು. ಮೊದಲ ಕವರ್ ದಿನಾಂಕದ ಜಾಗದಲ್ಲಿ ಅಕ್ಟೋಬರ್ 1, 2024 ಎಂದಿತ್ತು. ಪ್ರೀಮಿಯಂ, ಹೆಸರು, ಮೊತ್ತ ಎಲ್ಲ ಸರಿ. ಈ ಒಂದು ಸಾಲಿನಿಂದ 26 ತಿಂಗಳು ಅಳಿಸಿಹೋಗಿತ್ತು. ಅದೇ ದಿನ ನಮ್ಮ ಪತ್ರ, ಅವರ ಒಪ್ಪಿಗೆಯ ಮೇಲ್ ಎರಡನ್ನೂ ಸೇರಿಸಿ ತಿದ್ದುಪಡಿ ಕೇಳಿದೆವು. ಹತ್ತು ದಿನದ ಮೇಲೆ ಬಂದ ತಿದ್ದುಪಡಿ ಪತ್ರದಲ್ಲಿ ಆಗಸ್ಟ್ 1, 2022 ಎಂದಿತ್ತು. ಅದರ ಎರಡು ಝೆರಾಕ್ಸ್ ಮಾಡಿಸಿ, ಒಂದನ್ನು ಆ ತಾಯಿಯ ಆಸ್ಪತ್ರೆ ಫೈಲಿನಲ್ಲಿ ಇಡಲು ಕೊಟ್ಟೆ.