ಕಾಲು ಹಿಡಿದದ್ದೋ, ಕಾಲಿಗೆ ಬಿದ್ದದ್ದೋ

“ಕಬಡ್ಡಿ ಟೂರ್ನಿಗಳು ನಡೆಯುತ್ತಿರುವಾಗಲೂ ಸ್ಕ್ವಾಟ್ ಮಾಡುತ್ತೀರಾ ಅಣ್ಣಾ? ಕಾಲು ಭಾರವಾಗುವುದಿಲ್ಲವೇ?”

ಆಗುತ್ತದೆ. ಲೆಕ್ಕ ತಪ್ಪಿದರೆ ಬೀಸುವ ಕಲ್ಲು ಕಟ್ಟಿಕೊಂಡಂತೆ ಆಗುತ್ತದೆ. ಆದರೆ ಹೀಗೆ ಕೇಳುವ ಮುಕ್ಕಾಲು ಮಂದಿಗೆ ಬೇಕಿರುವುದು ಉತ್ತರವಲ್ಲ, ನಿಲ್ಲಿಸಲು ಅನುಮತಿ. ಅದು ನನ್ನ ಬಳಿ ಸಿಗುವುದಿಲ್ಲ.

ನಾನೂ ಒಂದು ವರ್ಷ ನಿಲ್ಲಿಸಿದ್ದೆ. ಟೂರ್ನಿಗಳು ಶುರುವಾದವು, ಇನ್ನು ಆಟವೇ ವ್ಯಾಯಾಮ ಎಂದುಕೊಂಡು ಆರು ವಾರ ಕಬ್ಬಿಣ ಮುಟ್ಟಲಿಲ್ಲ. ಆಮೇಲೆ ಒಂದು ಗುರುವಾರ ಸಂಜೆ ಪಾಪಪ್ರಜ್ಞೆ ಕಾಡಿತು. ಹತ್ತು ಹತ್ತರಂತೆ ಐದು ಸೆಟ್ ಸ್ಕ್ವಾಟ್ ಹೊಡೆದೆ. ಶುಕ್ರವಾರ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡೆ. ಶನಿವಾರ ರಾತ್ರಿ ಪಂದ್ಯ. ನಾನು ಎಡ ಕಾರ್ನರ್. ರೈಡರ್ ಬೋನಸ್ಸಿಗೆಂದು ಕಾಲು ಚಾಚಿದ, ನಾನು ಬಿದ್ದು ಹಿಮ್ಮಡಿ ಹಿಡಿದೆ. ಹಿಡಿತವೇನೋ ಸಿಕ್ಕಿತು. ಅಲ್ಲಿಂದ ಸೊಂಟ ಎತ್ತಿ ಅವನ ಕಾಲನ್ನು ನೆಲದಿಂದ ಬಿಡಿಸಬೇಕಿತ್ತು; ತೊಡೆ ಕೇಳಲೇ ಇಲ್ಲ. ನನ್ನನ್ನು ಮೂಟೆಯಂತೆ ಎಳೆದುಕೊಂಡೇ ಹೋಗಿ ಮಧ್ಯರೇಖೆ ಮುಟ್ಟಿದ. “ಅದು ಕಾಲು ಹಿಡಿದದ್ದೋ, ಕಾಲಿಗೆ ಬಿದ್ದದ್ದೋ?” ಎಂದು ನಮ್ಮ ಕವರ್ ಆಟಗಾರ ಇವತ್ತಿಗೂ ಕೇಳುತ್ತಾನೆ.

ಅಂದು ಕಾಲು ಹಿಡಿದುಕೊಂಡದ್ದು ತೂಕದಿಂದಲ್ಲ. ಬಿಟ್ಟು ಹಿಡಿದದ್ದರಿಂದ, ಮತ್ತು ಐವತ್ತು ಸಲ ಎದ್ದು ಕುಳಿತದ್ದರಿಂದ. ಅಭ್ಯಾಸ ತಪ್ಪಿದ ಸ್ನಾಯುವಿಗೆ ಒಮ್ಮೆಲೇ ಹೆಚ್ಚು ಕೆಲಸ ಕೊಟ್ಟರೆ ನೋವು ಎರಡನೆಯ ದಿನದ ಹೊತ್ತಿಗೆ ನೆತ್ತಿಗೇರುತ್ತದೆ. ನಾನು ಅದನ್ನು ಸರಿಯಾಗಿ ಪಂದ್ಯದ ಮುಹೂರ್ತಕ್ಕೇ ಇಟ್ಟಿದ್ದೆ.

ಈಗ ತೂಕ ಉಳಿಸಿಕೊಂಡು ಎಣಿಕೆ ಕಡಿಮೆ ಮಾಡಿದ್ದೇನೆ. ಒಂದೇ ಸಲ ಎತ್ತುವುದಾದರೆ ನನ್ನ ಗರಿಷ್ಠ 110 ಕೆ.ಜಿ. ಪಂದ್ಯಗಳು ವಾರಾಂತ್ಯದಲ್ಲಿದ್ದರೆ ಮಂಗಳವಾರ 90 ಕೆ.ಜಿ. ಇಟ್ಟು ನಾಲ್ಕು ನಾಲ್ಕರಂತೆ ಮೂರು ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ. ಇನ್ನೂ ಎರಡು ಸಲ ಎತ್ತಬಹುದು ಎನ್ನಿಸುವಾಗಲೇ ಬಾರ್ ಇಳಿಸುತ್ತೇನೆ. ಆಮೇಲೆ ತೊಡೆಸಂದಿಗೊಂದು ಕೆಲಸ: ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು, ಅದರ ಬಲದಿಂದಲೇ ಸೊಂಟ ಎತ್ತಿ ಇಳಿಸುವುದು, ಒಂದೊಂದು ಬದಿಗೆ ಆರು ಸಲ. ಕಾರ್ನರಿನಲ್ಲಿ ಕಾಲಗಲಿಸಿ ನಿಲ್ಲುವವರಿಗೆ ಕೈಕೊಡಬಲ್ಲ ಜಾಗ ಅದು. ಒಟ್ಟು ನಲವತ್ತು ನಿಮಿಷ. ಇದರಿಂದ ಬಲ ದೊಡ್ಡದಾಗಿ ಬೆಳೆಯುವುದಿಲ್ಲ, ಆದರೆ ಗಳಿಸಿದ್ದು ಸೋರಿಹೋಗುವುದಿಲ್ಲ.

ಗುರುವಾರ ಮ್ಯಾಟ್. ಮೈ ಹಗುರವಿರುವಾಗಲೇ ಚುರುಕಿನ ಅಭ್ಯಾಸ: ಎದುರಿಗೊಬ್ಬ ನಿಂತು ಭುಜ ಅಲುಗಿಸುತ್ತಾನೆ, ಅವನು ಹೋದತ್ತ ನಾನು ಎರಡು ಹೆಜ್ಜೆ ಸಿಡಿಯಬೇಕು. ಪ್ಲಾಸ್ಟಿಕ್ ಏಣಿ ಹಾಸಿ ಅದರೊಳಗೆ ಕುಣಿದರೆ ಏಣಿಯೊಳಗಿನ ಕುಣಿತ ಚೆನ್ನಾಗಿ ಬರುತ್ತದೆ. ರೈಡರ್ ಏಣಿಯ ಮೇಲೆ ಬರುವುದಿಲ್ಲ. ಆಮೇಲೆ ಓಟ. ಮಧ್ಯರೇಖೆಯಿಂದ ಅಂತಿಮ ಗೆರೆಗೆ ಆರೂವರೆ ಮೀಟರ್, ಮುಟ್ಟಿ ವಾಪಸ್. ಇಪ್ಪತ್ತು ಸೆಕೆಂಡಿಗೊಂದರಂತೆ ಆರು ಸಲ. ನಾಲ್ಕು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಮೊದಲ ಓಟ ಮೂರೂವರೆ ಸೆಕೆಂಡಿನದಾಗಿದ್ದು, ನಂತರದ್ದು 3.8 ದಾಟಿದರೆ ಅಲ್ಲಿಗೆ ಮುಕ್ತಾಯ. ಆಮೇಲೆ ಓಡುವುದು ನಿಧಾನಕ್ಕೆ ಓಡುವುದರ ಅಭ್ಯಾಸ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ಮೈ ಸೋತ ವಾರದಲ್ಲಿ ಮೊದಲು ಏನನ್ನು ಬಿಡುತ್ತೀರಿ? ಎಲ್ಲರೂ ಸ್ಕ್ವಾಟ್ ಬಿಡುತ್ತಾರೆ. ನಾನು ಓಟ ಬಿಡುತ್ತೇನೆ. ವಾರಾಂತ್ಯದಲ್ಲಿ ಎರಡು ಮೂರು ಪಂದ್ಯವಾಡಿದವನಿಗೆ ನಿಂತು ಸಿಡಿಯುವ ಓಟ ಮ್ಯಾಟಿನ ಮೇಲೆಯೇ ಬೇಕಾದಷ್ಟು ಸಿಕ್ಕಿರುತ್ತದೆ. 90 ಕೆ.ಜಿ. ಹೊತ್ತು ಏಳುವ ಕೆಲಸವನ್ನು ಯಾವ ಪಂದ್ಯವೂ ಕೊಡುವುದಿಲ್ಲ. ಬೆಂಚಿನಲ್ಲೇ ಕುಳಿತು ಬಂದ ಹುಡುಗನಿಗೆ ಇದು ತಿರುಗುಮುರುಗು: ಅವನು ಓಟ ತಪ್ಪಿಸುವಂತಿಲ್ಲ. ತಂಡಕ್ಕೆಲ್ಲ ಒಂದೇ ಪಟ್ಟಿ ಅಂಟಿಸುವ ಕೋಚುಗಳ ಮೇಲೆ ನನಗಿರುವ ಸಿಟ್ಟು ಇದೇ.

ಮೈ ಸೋತಿದೆ ಎಂದು ಗೊತ್ತಾಗುವುದು ಹೇಗೆ? ಮನಸ್ಸನ್ನು ಕೇಳಿದರೆ ಅದು ದಿನವೂ ಸೋತೇ ಇರುತ್ತದೆ. ನಾನು ಮೈ ಬಿಸಿ ಮಾಡಿಕೊಂಡ ಮೇಲೆ ನಿಂತಲ್ಲಿಂದ ಮೂರು ಸಲ ಉದ್ದ ಜಿಗಿಯುತ್ತೇನೆ. ಸಾಮಾನ್ಯವಾಗಿ 2.30 ಮೀಟರ್ ಬರುತ್ತದೆ. ಜಿಮ್ಮಿನ ನೆಲದ ಮೇಲೆ ಅದಕ್ಕೊಂದು ಸುಣ್ಣದ ಗೆರೆಯಿದೆ. ಕಳೆದ ಮಂಗಳವಾರ ಮೂರು ಸಲವೂ ಒಂದು ಗೇಣು ಹಿಂದೆಯೇ ಬಿದ್ದೆ. ಹಿಂದಿನ ರಾತ್ರಿ ನಮ್ಮ ಪಂದ್ಯ ಮುಗಿದಾಗ ಒಂದೂವರೆ ಗಂಟೆ. 90 ಕೆ.ಜಿ.ಯನ್ನೇ ಇಟ್ಟು ಒಂದು ಸೆಟ್ ಮಾಡಿ, ಬಾರನ್ನು ಅದರ ಜಾಗದಲ್ಲಿಟ್ಟು ಮನೆಗೆ ಹೋಗಿ ಮಲಗಿದೆ. ಬಾಗಿಲಲ್ಲಿ ಒಬ್ಬ ಹುಡುಗ ಸಿಕ್ಕಿದ. “ಇಷ್ಟು ಬೇಗ ಮುಗಿಯಿತಾ ಅಣ್ಣಾ? ಕಾಲು ಭಾರವಾ?”