ಗುಳಿಗೆ ಕಾಫಿಯನ್ನು ಹಿಡಿದಿಟ್ಟಾಗ

“ಮದ್ದು ತೆಗೆದುಕೊಳ್ಳುವಾಗ ಕಾಫಿ ಕುಡಿಯಬಹುದೋ? ಕುಡಿದರೆ ಗುಳಿಗೆಯ ಶಕ್ತಿ ಇಳಿಯುತ್ತದೆಯಂತೆ, ಹೌದೋ?”

ಹೆಚ್ಚಿನ ಗುಳಿಗೆಗಳಿಗೆ ಕಾಫಿಯಿಂದ ಏನೂ ಆಗುವುದಿಲ್ಲ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್, ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್, ರಕ್ತದೊತ್ತಡದ ಆಮ್ಲೋಡಿಪಿನ್ ಇವುಗಳನ್ನು ನುಂಗುವವರು ಎಂದಿನ ಕಾಫಿಯನ್ನು ಎಂದಿನಂತೆ ಕುಡಿಯಬಹುದು. ಒತ್ತಡ ಅಳೆಸಿಕೊಳ್ಳುವ ಮೊದಲಿನ ಅರ್ಧ ಗಂಟೆ ಮಾತ್ರ ಬೇಡ, ಏಕೆಂದರೆ ಆಗ ಸಂಖ್ಯೆ ಸ್ವಲ್ಪ ಏರಿ ಕಾಣುತ್ತದೆ.

ಕಾಫಿಯಿಂದ ಗುಳಿಗೆಗೆ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಗುಳಿಗೆಯಿಂದ ಕಾಫಿಗೆ ಏನಾಗುತ್ತದೆ ಎಂದು ಬದಿಯಡ್ಕದ ಕಡೆಯ ನಮ್ಮ ಮದ್ದಿನಂಗಡಿಯಲ್ಲಿ ಕೇಳುವವರು ಕಡಿಮೆ. ನಾನು ನೋಡಿದ ತೊಂದರೆಗಳಲ್ಲಿ ಬಹುಪಾಲು ಈ ಎರಡನೆಯ ದಾರಿಯಿಂದ ಬಂದವು. ಅದರಲ್ಲಿಯೂ ಮುಖ್ಯ ಆರೋಪಿ ಸಿಪ್ರೊಫ್ಲಾಕ್ಸಾಸಿನ್.

ಒಂದು ಪ್ರಕರಣ ಹೇಳುತ್ತೇನೆ. ಐವತ್ತರ ಆಸುಪಾಸಿನ ಒಬ್ಬರು ಅಧ್ಯಾಪಿಕೆಗೆ ಉರಿಮೂತ್ರವಾಗಿತ್ತು. ವೈದ್ಯರು ಸಿಪ್ರೊಫ್ಲಾಕ್ಸಾಸಿನ್ 500 ಮಿಲಿಗ್ರಾಂ, ಬೆಳಿಗ್ಗೆ ಒಂದು ರಾತ್ರಿ ಒಂದು, ಏಳು ದಿನಕ್ಕೆ ಬರೆದಿದ್ದರು. ಮೂರನೆಯ ದಿನ ಅವರ ಗಂಡ ಅಂಗಡಿಗೆ ಬಂದು, “ಈ ಗುಳಿಗೆ ಭಾರೀ ಉಷ್ಣ. ಇವಳಿಗೆ ಎರಡು ರಾತ್ರಿಯಿಂದ ನಿದ್ದೆ ಇಲ್ಲ, ಕೈ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ. ನಿಲ್ಲಿಸಿಬಿಡಲೋ?” ಎಂದು ಕೇಳಿದರು. ಉಷ್ಣ ಇಳಿಯಲೆಂದು ಗುಳಿಗೆಯನ್ನು ಮಜ್ಜಿಗೆಯಲ್ಲಿಯೇ ನುಂಗಿಸುತ್ತಿದ್ದರಂತೆ. ಮಜ್ಜಿಗೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ದಿನಕ್ಕೆ ಎಷ್ಟು ಕಾಫಿ ಎಂದು ಕೇಳಿದೆ. ಬೆಳಿಗ್ಗೆ ಆರಕ್ಕೆ ಒಂದು ಲೋಟ, ಹನ್ನೊಂದರ ವಿರಾಮದಲ್ಲಿ ಒಂದು, ಸಂಜೆ ನಾಲ್ಕಕ್ಕೆ ಮನೆಗೆ ಬಂದ ಮೇಲೆ ಒಂದು. “ಅದು ಮೂವತ್ತು ವರ್ಷದಿಂದ ಕುಡಿಯುವುದೇ, ಹೊಸತೇನಲ್ಲ” ಎಂದರು. ಕಾಫಿ ಹಳೆಯದೇ. ಆದರೆ ಆ ವಾರ ಅದು ದೇಹದಿಂದ ಹೊರಗೆ ಹೋಗುತ್ತಿದ್ದ ವೇಗ ಬೇರೆಯಾಗಿತ್ತು.

ನಾವು ಕುಡಿದ ಕೆಫೀನಿನಲ್ಲಿ ಬಹುತೇಕ ಎಲ್ಲವನ್ನೂ ಒಡೆಯುವುದು ಯಕೃತ್ತಿನಲ್ಲಿರುವ ಒಂದೇ ಕಿಣ್ವ. ಅದರ ಹೆಸರು ಸಿವೈಪಿ 1ಎ2. ಅಡಿಕೆ ಸುಲಿಯುವವನು ಒಬ್ಬನೇ ಇರುವ ಅಂಗಳವನ್ನು ನೆನೆಸಿಕೊಳ್ಳಿ. ದಿನವೂ ಬರುವಷ್ಟು ಅಡಿಕೆಯನ್ನು ಅವನು ಸಂಜೆಗೆ ಮುಗಿಸುತ್ತಾನೆ. ಯಾರೋ ಬಂದು ಅವನ ಕೈ ಹಿಡಿದು ಕೂತರೆ ಅಡಿಕೆ ಹೆಚ್ಚೇನೂ ಬರದಿದ್ದರೂ ರಾಶಿ ಬೆಳೆಯುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಹಾಗೆ ಈ ಕಿಣ್ವದ ಕೈ ಹಿಡಿಯುತ್ತದೆ.

ಈಗ ಅಧ್ಯಾಪಿಕೆಯ ದಿನವನ್ನು ಲೆಕ್ಕ ಹಾಕಿ ನೋಡೋಣ. ಅವರ ಲೋಟವೊಂದರಲ್ಲಿ 80 ಮಿಲಿಗ್ರಾಂ ಕೆಫೀನ್ ಇದೆ ಎಂದಿಟ್ಟುಕೊಳ್ಳಿ. ಡಿಕಾಕ್ಷನ್ ಎಷ್ಟು ಗಟ್ಟಿ ಎಂಬುದರ ಮೇಲೆ ಇದು ಏರುಪೇರಾಗುತ್ತದೆ; ಚಾಯದಲ್ಲಿ ಸಾಮಾನ್ಯವಾಗಿ ಇದರ ಅರ್ಧದಷ್ಟು ಇರುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಕುಡಿದ ಕೆಫೀನಿನ ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಸಂಜೆಯ ಲೋಟದಿಂದ 40, ಹನ್ನೊಂದರ ಲೋಟದಿಂದ 20, ಬೆಳಗಿನದರಿಂದ 10, ಹೀಗೆ ಒಟ್ಟು 70 ಮಿಲಿಗ್ರಾಂ ಉಳಿದಿರುತ್ತದೆ. ಮೂವತ್ತು ವರ್ಷ ಅವರು ನಿದ್ದೆ ಮಾಡಿದ್ದು ಈ 70ರೊಂದಿಗೆ.

ಗುಳಿಗೆಯಿಂದಾಗಿ ಆ ಐದು ಗಂಟೆ ಹತ್ತಾಯಿತು ಎಂದು ಭಾವಿಸಿ. ಎಲ್ಲರಲ್ಲಿಯೂ ಅಷ್ಟಾಗದು, ಆದರೆ ಲೆಕ್ಕಕ್ಕೆ ಇದು ಅನುಕೂಲ. ಅದೇ ಒಂಬತ್ತು ಗಂಟೆಗೆ ಸಂಜೆಯ ಲೋಟದಿಂದ 57, ಹನ್ನೊಂದರದರಿಂದ 40, ಬೆಳಗಿನದರಿಂದ 28 ಉಳಿದು ಒಟ್ಟು 125 ಆಗುತ್ತದೆ. ಮೊದಲಾದರೆ ಹಿಂದಿನ ದಿನದ ಕಾಫಿ ಮರುದಿನಕ್ಕೆ ಹೆಚ್ಚುಕಡಿಮೆ ಅಳಿದುಹೋಗುತ್ತಿತ್ತು. ಈಗ ಅದರ ಬಾಕಿಯೂ ಸೇರಿ, ಎರಡು ಮೂರು ದಿನಗಳಲ್ಲಿ ಮೊತ್ತ 150 ದಾಟುತ್ತದೆ. ಅಂದರೆ ಹಾಸಿಗೆಗೆ ಹೋಗುವ ಹೊತ್ತಿಗೆ ಎರಡು ಲೋಟ ಕಾಫಿ ಆಗಷ್ಟೇ ಕುಡಿದಂತೆ. ತೊಂದರೆ ಮೊದಲ ಗುಳಿಗೆಯೊಂದಿಗೇ ಎದ್ದು ಕಾಣದೆ ಒಂದೆರಡು ದಿನ ಕಳೆದು ಬಲಿಯುವುದು ಹೀಗೆ.

ಹಾಗಾಗಿ ನಾನು ಹೇಳಿದ್ದು ಇಷ್ಟು: ಗುಳಿಗೆಯನ್ನು ನಿಲ್ಲಿಸಬೇಡಿ, ಕಾಫಿಯನ್ನು ಅರ್ಧಕ್ಕೆ ಇಳಿಸಿ, ಸಂಜೆಯದನ್ನು ಪೂರ್ತಿ ಬಿಡಿ, ವೈದ್ಯರಿಗೂ ಒಂದು ಕರೆ ಮಾಡಿ ತಿಳಿಸಿ. ಸೋಂಕಿನ ಮದ್ದನ್ನು ಅರ್ಧದಲ್ಲಿ ಬಿಟ್ಟು ಕಾಫಿಯನ್ನು ಉಳಿಸಿಕೊಳ್ಳುವುದು ನನ್ನ ಮಟ್ಟಿಗೆ ತಲೆಕೆಳಗಿನ ಲೆಕ್ಕ. ಕಾಫಿಯನ್ನು ಒಮ್ಮೆಗೇ ಬಿಟ್ಟರೆ ತಲೆ ಸಿಡಿಯುತ್ತದೆ ಎಂಬ ಭಯ ಹಲವರಿಗೆ ಇದೆ, ಅದು ಸುಳ್ಳೂ ಅಲ್ಲ. ಆದರೆ ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಳ್ಳುವಾಗ ಅರ್ಧ ಕಾಫಿಯಿಂದಲೇ ದೇಹದಲ್ಲಿ ಹಿಂದಿನ ಮಟ್ಟದ ಹತ್ತಿರ ಕೆಫೀನ್ ಉಳಿಯುವುದರಿಂದ ಆ ತಲೆನೋವು ಬರುವ ಸಂಭವ ಕಡಿಮೆ. ಅಧ್ಯಾಪಿಕೆ ಗುಳಿಗೆ ಮುಂದುವರಿಸುತ್ತಲೇ ಎರಡು ದಿನಗಳಲ್ಲಿ ನಿದ್ದೆ ಮಾಡತೊಡಗಿದರು. ಕಾರಣ ಯಾವುದು ಎಂದು ಹೇಳಲು ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ: ಗುಳಿಗೆ ಹಾಗೆಯೇ ಇದ್ದು ಕಾಫಿ ಇಳಿದಾಗ ಡವಡವ ಇಳಿದರೆ, ತಪ್ಪು ಆ ಜೋಡಿಯದು. ಕೋರ್ಸ್ ಮುಗಿದ ಒಂದೆರಡು ದಿನಗಳಲ್ಲಿ ಹಳೆಯ ಲೆಕ್ಕ ಮರಳುತ್ತದೆ.

ಇಳಿಯದಿದ್ದರೆ? ಆಗ ಕಾಫಿಯನ್ನು ದೂರುತ್ತಾ ಕೂರಬಾರದು. ಈ ಜಾತಿಯ ಗುಳಿಗೆಗಳು ತಾವೇ ನಿದ್ದೆ ಕೆಡಿಸಬಲ್ಲವು, ಕೆಲವರಲ್ಲಿ ಹೃದಯದ ಬಡಿತದ ಲಯವನ್ನೇ ತಪ್ಪಿಸಬಲ್ಲವು. ತಲೆಸುತ್ತಿ ಬಿದ್ದರೆ, ಮಾತು ಗೊಂದಲವಾದರೆ, ಹಿಮ್ಮಡಿಯ ಮೇಲಿನ ನರದಂತಹ ಸ್ನಾಯುರಜ್ಜು ನೋಯತೊಡಗಿದರೆ ಮುಂದಿನ ಗುಳಿಗೆ ನುಂಗುವ ಮೊದಲು ವೈದ್ಯರನ್ನು ಕಾಣಬೇಕು. ಉಬ್ಬಸಕ್ಕೆ ಥಿಯೋಫಿಲ್ಲಿನ್ ತೆಗೆದುಕೊಳ್ಳುವವರಂತೂ ಸಿಪ್ರೊಫ್ಲಾಕ್ಸಾಸಿನ್ ಚೀಟಿ ಕೈಗೆ ಬಂದ ಕೂಡಲೇ ಅದನ್ನು ಹೇಳಿಬಿಡಬೇಕು. ಥಿಯೋಫಿಲ್ಲಿನ್ ಕೆಫೀನಿನ ಹತ್ತಿರದ ಸಂಬಂಧಿ, ಅದೂ ಅದೇ ಕಿಣ್ವವನ್ನು ನೆಚ್ಚಿಕೊಂಡಿದೆ. ಅದು ರಕ್ತದಲ್ಲಿ ಏರಿದರೆ ವಾಂತಿ, ಅಪಸ್ಮಾರದವರೆಗೂ ಹೋಗಬಹುದು.

ಇನ್ನು ಮಜ್ಜಿಗೆ. ಹಾಲು ಮೊಸರುಗಳಲ್ಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಸಿಪ್ರೊಫ್ಲಾಕ್ಸಾಸಿನ್‌ಗೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಗುಳಿಗೆಯನ್ನು ಮಜ್ಜಿಗೆಯಲ್ಲಿ ನುಂಗಿದರೆ ಅದರ ಒಂದು ಪಾಲು ವ್ಯರ್ಥ. ಹಾಲು ಹಾಕಿದ ಕಾಫಿಯಲ್ಲಿ ನುಂಗುವವರು ಎರಡೂ ಕಡೆ ಸೋಲುತ್ತಾರೆ: ಮದ್ದು ಕಡಿಮೆ ಸೇರುತ್ತದೆ, ಸೇರಿದ ಮದ್ದು ಕಾಫಿಯನ್ನು ಹಿಡಿದಿಡುತ್ತದೆ. ಊಟದಲ್ಲಿ ಒಂದಿಷ್ಟು ಮೊಸರು ಇದ್ದರೆ ಅಡ್ಡಿಯಿಲ್ಲ, ಗುಳಿಗೆ ಮಾತ್ರ ನೀರಿನಲ್ಲಿ ಇರಲಿ. ಕ್ಯಾಲ್ಸಿಯಂ, ಕಬ್ಬಿಣ, ಸತುವಿನ ಗುಳಿಗೆಗಳೂ ಹೀಗೆಯೇ ಅಂಟಿಕೊಳ್ಳುತ್ತವೆ. ಅವನ್ನು ತೆಗೆದುಕೊಳ್ಳುವವರು ಸಿಪ್ರೊಫ್ಲಾಕ್ಸಾಸಿನ್ ಅನ್ನು ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಕಳೆದು ನುಂಗಬೇಕು.

“ಫ್ಲಾಕ್ಸಾಸಿನ್” ಎಂದು ಕೊನೆಯಾಗುವ ಎಲ್ಲವೂ ಕಾಫಿಗೆ ಹೀಗೆ ಮಾಡುತ್ತವೆಯೇ ಎಂದರೆ ಇಲ್ಲ. ನಾರ್ಫ್ಲಾಕ್ಸಾಸಿನ್ ಸ್ವಲ್ಪ ಮಾಡುತ್ತದೆ. ಆಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಬಹುತೇಕ ಮಾಡುವುದಿಲ್ಲ. ಗರ್ಭನಿರೋಧಕ ಗುಳಿಗೆಗಳು ಕೆಫೀನಿನ ಅವಧಿಯನ್ನು ಸುಮಾರು ಎರಡರಷ್ಟು ಮಾಡುತ್ತವೆ. ಗೀಳು ಕಾಯಿಲೆಗೆ ಕೊಡುವ ಫ್ಲುವೊಕ್ಸಮಿನ್ ಇವೆಲ್ಲವನ್ನೂ ಮೀರಿಸುತ್ತದೆ. ಅದು ಐದು ಗಂಟೆಯನ್ನು ಒಂದು ದಿನದಾಚೆಗೂ ಎಳೆಯಬಲ್ಲದು. ಅದನ್ನು ತೆಗೆದುಕೊಳ್ಳುವವರಿಗೆ ಬೆಳಗಿನ ಒಂದು ಲೋಟವೂ ಮರುದಿನದವರೆಗೆ ಇರುತ್ತದೆ. ಮನೋರೋಗಕ್ಕೆ ಲಿಥಿಯಂ ಅಥವಾ ಕ್ಲೊಜಪಿನ್ ತೆಗೆದುಕೊಳ್ಳುವವರದು ಬೇರೆಯೇ ಕಥೆ. ಅವರು ಕಾಫಿಯನ್ನು ತಟ್ಟನೆ ಹೆಚ್ಚಿಸುವುದೂ ಬೇಡ, ತಟ್ಟನೆ ಬಿಡುವುದೂ ಬೇಡ. ಎರಡರಿಂದಲೂ ಮದ್ದಿನ ಮಟ್ಟವೇ ಅಲುಗಾಡುತ್ತದೆ.

ನಮ್ಮ ಊರುಗಳಲ್ಲಿ ಇನ್ನೊಂದು ತಿರುವು ಉಂಟು, ಅದು ಬೀಡಿ. ಬೀಡಿ ಸಿಗರೇಟುಗಳ ಹೊಗೆಯಲ್ಲಿರುವ ಕೆಲವು ವಸ್ತುಗಳು ಇದೇ ಕಿಣ್ವವನ್ನು ಹೆಚ್ಚಿಸುತ್ತವೆ. ಅದಕ್ಕೇ ಸೇದುವವರು ರಾತ್ರಿ ಚಾಯ ಕುಡಿದೂ ಗೊರಕೆ ಹೊಡೆಯುತ್ತಾರೆ. ಆಸ್ಪತ್ರೆಗೆ ಸೇರಿ ಬೀಡಿ ಬಿಟ್ಟವರಲ್ಲಿ ಕೆಲವೇ ದಿನಗಳಲ್ಲಿ ಆ ಹೆಚ್ಚುವರಿ ಕಿಣ್ವ ಇಳಿದು, ಅಷ್ಟೇ ಚಾಯದಿಂದ ಚಡಪಡಿಕೆ ಶುರುವಾಗುತ್ತದೆ. ಬೀಡಿ ಬಿಟ್ಟದ್ದೇ ಮೈಗೆ ಆಗಲಿಲ್ಲ ಎಂದು ಮನೆಯವರು ತೀರ್ಮಾನಿಸುತ್ತಾರೆ. ಆಗಬೇಕಾದ್ದು ಚಾಯವನ್ನೂ ಇಳಿಸುವುದು. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವವರಿಗೆ ಇದು ಅನ್ವಯಿಸದು. ಕಿಣ್ವವನ್ನು ಹೆಚ್ಚಿಸುವುದು ಹೊಗೆ, ನಿಕೋಟಿನ್ ಅಲ್ಲ. ಜಗಿಯುವುದರ ಅಪಾಯಗಳು ಬೇರೆ ಇವೆ.

ಕಾಫಿ ಎಂದು ಗೊತ್ತಾಗದೆ ಒಳಗೆ ಹೋಗುವ ಕೆಫೀನನ್ನೂ ಎಣಿಸಬೇಕು. ಕೆಲವು ತಲೆನೋವಿನ ಗುಳಿಗೆಗಳಲ್ಲಿ ಅದು ಸೇರಿರುತ್ತದೆ. ಪಟ್ಟಿಯ ಹಿಂಬದಿಯಲ್ಲಿ ಬರೆದಿರುತ್ತಾರೆ, ಆದರೆ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರು ಅದನ್ನು ಅಂಗಡಿಯವರಿಂದ ಓದಿಸಿಕೊಳ್ಳಬೇಕು. ಜಿಮ್‌ಗೆ ಹೋಗುವ ಹುಡುಗರಿಗೆ ಗಲ್ಫಿನಿಂದ ಬರುವ ಡಬ್ಬಿಗಳು ಇನ್ನೂ ಜೋರು. ವ್ಯಾಯಾಮಕ್ಕೆ ಮೊದಲು ಕುಡಿಯುವ ಪುಡಿಯ ಒಂದು ಅಳತೆಯಲ್ಲಿ 200 ಮಿಲಿಗ್ರಾಂ ಇರುವುದು ಅಪರೂಪವಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400ರವರೆಗೆ, ಗರ್ಭಿಣಿಯರಿಗೆ 200ರವರೆಗೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಮಿತಿ. ಈ ಮಿತಿ ಕಿಣ್ವದ ಕೈ ಬಿಡುವಾಗಿರುವವರಿಗೆ.

ಕಾಫಿಯಿಂದ ಗುಳಿಗೆಯ ಶಕ್ತಿ ಇಳಿಯುವ ಮಾತಿನಲ್ಲಿಯೂ ಹುರುಳಿಲ್ಲದೆ ಇಲ್ಲ. ಥೈರಾಯ್ಡ್‌ನ ಲೆವೊಥೈರಾಕ್ಸಿನ್ ಮತ್ತು ಕಬ್ಬಿಣದ ಗುಳಿಗೆಗಳಿಗೆ ಅದು ನಿಜ. ಕಬ್ಬಿಣವನ್ನು ತಡೆಯುವುದು ಕಾಫಿ ಚಾಯಗಳ ಒಗರು ಅಂಶ, ಕೆಫೀನ್ ಅಲ್ಲ. ಆದುದರಿಂದ ಕೆಫೀನ್ ತೆಗೆದ ಕಾಫಿಗೆ ಬದಲಾಯಿಸಿದರೂ ಪ್ರಯೋಜನವಿಲ್ಲ. ಥೈರಾಯ್ಡ್ ಗುಳಿಗೆಯನ್ನು ಎದ್ದ ಕೂಡಲೇ ನೀರಿನಲ್ಲಿ ನುಂಗಿ, ಕಾಫಿಗೆ ಒಂದು ಗಂಟೆ ಕಾಯಿರಿ. ಕಬ್ಬಿಣದ ಗುಳಿಗೆಗೂ ಚಾಯಕ್ಕೂ ನಡುವೆ ಎರಡು ಗಂಟೆ ಇರಲಿ. ಬೆಳಿಗ್ಗೆ ಒಂದು ಗಂಟೆ ಕಾಯುವುದು ಆಗದ ಮಾತು ಎನ್ನುವವರು ವೈದ್ಯರನ್ನು ಕೇಳಿ ಥೈರಾಯ್ಡ್ ಗುಳಿಗೆಯನ್ನು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮೊದಲು ತೆಗೆದುಕೊಳ್ಳಬಹುದು. ನಮ್ಮಲ್ಲಿ ಹಲವರು ಹಾಗೆಯೇ ಮಾಡುತ್ತಿದ್ದಾರೆ, ಬೆಳಗಿನ ಕಾಫಿಯೂ ಹೊತ್ತಿಗೆ ಸರಿಯಾಗಿ ಆಗುತ್ತದೆ.